ಎನ್‌ಡಿಎಫ್ ತಗೋಬೇಕೋ ಬ್ಯಾಂಕಿನ ಫಾರ್ವರ್ಡ್ ತಗೋಬೇಕೋ: ತೊಗರಿ ವ್ಯಾಪಾರದ ಲೆಕ್ಕ ಹಿಡಿದು ಒಂದು ಹೋಲಿಕೆ

ನಮ್ಮ ಕಲಬುರಗಿ ಗಂಜ್‌ದಾಗ ದಾಲ್ ಮಿಲ್ ನಡಸೋರು ಈಗ ಬರೀ ಊರ ತೊಗರಿ ಮ್ಯಾಲ ನಿಂತಿಲ್ಲ, ಮೊಜಾಂಬಿಕ್, ಟಾಂಜಾನಿಯಾ, ಮ್ಯಾನ್ಮಾರ್‌ಲಿಂದನೂ ಮಾಲ್ ತರಸ್ತಾರ, ಅದರ ಬಿಲ್ ಬಹುತೇಕ ಡಾಲರ್‌ದಾಗ ಇರ್ತದ. ನಾ ಇಂಥ ಮಿಲ್‌ಗಳ ಎಲ್‌ಸಿ, ಫಾರ್ವರ್ಡ್ ಕಾಗದ ನೋಡೋ ಕೆಲಸದಾಗ ಇದೀನಿ. ಮೊನ್ನೆ ಒಬ್ಬ ಮಿಲ್ ಮಾಲೀಕರು ಕೇಳಿದ್ರು, ಅವರ ತಂಗಿ ಮಗ ದುಬೈದಾಗ ಬೇಳೆಕಾಳು ಟ್ರೇಡಿಂಗ್ ಕಂಪನಿದಾಗ ಅಕೌಂಟ್ಸ್ ನೋಡ್ತಾನ, ಅಂವ ಫೋನ್ ಮಾಡಿ "ಮಾಮಾ, ನಮ್ ಕಂಪನಿ ಎನ್‌ಡಿಎಫ್ ತಗೋತದ, ನಿಮ್ ಬ್ಯಾಂಕಿನ ರೇಟಿಗಿಂತ ಹತ್ತು ಪೈಸಾ ಕಮ್ಮಿ ಕಾಣ್ತದ ನೋಡ್ರಿ" ಅಂದನಂತ. ನಾನೂ ಅದನ್ನೇ ತಗೊಳ್ಳಾ ಅಂತ ಇವರ ಪ್ರಶ್ನೆ. ಭಾಳ ಒಳ್ಳೆ ಪ್ರಶ್ನೆ, ಯಾಕಂದ್ರ ಇಬ್ಬರೂ ಅದೇ ತೊಗರಿ, ಅದೇ ಮೂರು ತಿಂಗಳು, ಅದೇ ಡಾಲರ್ ರೂಪಾಯಿ ನೋಡ್ತಿದ್ರೂ ಒಬ್ಬರಿಗಿ ಸರಿ ಇರೋದು ಇನ್ನೊಬ್ಬರಿಗಿ ಸರಿ ಹೋಗಲ್ಲ. ಯಾಕ ಅನ್ನೋದನ್ನ ಲೆಕ್ಕ ಹಾಕಿನೇ ತೋರಸ್ತೀನಿ. ಕೆಳಗ ಬರೋ ರೇಟ್ ಎಲ್ಲಾ ಉದಾಹರಣೆಗಿ ಹಿಡಿದಿದ್ದು, ಇವತ್ತಿನ ಮಾರ್ಕೆಟ್ ರೇಟ್ ಅಲ್ಲ.

ಮೊದಲ ಎನ್‌ಡಿಎಫ್ ಅಂದ್ರ ಏನು

ಬ್ಯಾಂಕಿನ ಮಾಮೂಲಿ ಫಾರ್ವರ್ಡ್ ಎಲ್ಲರಿಗೂ ಗೊತ್ತು. ಮೂರು ತಿಂಗಳ ಮ್ಯಾಲ ಇಷ್ಟು ಡಾಲರ್ ಇಂಥ ರೇಟಿಗಿ ಅಂತ ಇವತ್ತೇ ಬುಕ್ ಮಾಡ್ತೀರಿ, ಆ ದಿನ ಬಂದಾಗ ನೀವು ರೂಪಾಯಿ ಕೊಡ್ತೀರಿ, ಬ್ಯಾಂಕು ಡಾಲರ್ ಕೊಡ್ತದ, ಡಾಲರ್ ಸಪ್ಲೈಯರ್‌ಗಿ ಹೋಗ್ತದ. ಎರಡೂ ಕಡೀಲಿಂದ ಪೂರ್ತಿ ರೊಕ್ಕ ಕೈ ಬದಲಾಗ್ತದ.

ಎನ್‌ಡಿಎಫ್ ಅಂದ್ರ ನಾನ್ ಡೆಲಿವರೆಬಲ್ ಫಾರ್ವರ್ಡ್. ಇದರಾಗ ಅಸಲು ಮೊತ್ತ ಕೈ ಬದಲಾಗೋದೇ ಇಲ್ಲ. ಒಪ್ಪಂದ ಮಾಡೋವಾಗ ಒಂದು ಡಾಲರ್ ಮೊತ್ತ, ಒಂದು ರೇಟು, ಒಂದು ಫಿಕ್ಸಿಂಗ್ ತಾರೀಖು, ಒಂದು ಸೆಟಲ್‌ಮೆಂಟ್ ತಾರೀಖು ಬರ್ಕೋತಾರ. ಫಿಕ್ಸಿಂಗ್ ದಿನ ಸರ್ಕಾರಿ ಮಾನ್ಯತೆ ಇರೋ ಒಂದು ರೆಫರೆನ್ಸ್ ರೇಟ್ ಬರ್ತದ, ಒಪ್ಪಂದದ ರೇಟಿಗೂ ಅದಕ್ಕೂ ಎಷ್ಟು ಫರಕ್ ಅದನೋ ಅಷ್ಟನ್ನ ಮಾತ್ರ ಡಾಲರ್‌ದಾಗ ಸೋತವರು ಗೆದ್ದವರಿಗಿ ಕೊಡ್ತಾರ. ಗಂಜ್‌ದಾಗ ಹಿಂದ ವಾಯದಾ ವ್ಯಾಪಾರದಾಗ ಮಾಲ್ ಎತ್ತದೇ ಭಾವದ ಫರಕ್ ಅಷ್ಟೇ ಚುಕ್ತಾ ಮಾಡ್ಕೋತಿದ್ರಲ್ಲ, ಹೆಚ್ಚು ಕಮ್ಮಿ ಹಂಗೇ.

ಇಂಥದ್ದು ಯಾಕ ಹುಟ್ಟಿತು ಅಂದ್ರ ಕೆಲವು ದೇಶದ ರೊಕ್ಕ ಆ ದೇಶದ ಹೊರಗ ಸಿಗಲ್ಲ. ನಮ್ಮ ರೂಪಾಯಿನೇ ನೋಡ್ರಿ, ವ್ಯಾಪಾರದ ಲೇವಾದೇವಿಗಿ ಅಂದ್ರ ಕರೆಂಟ್ ಅಕೌಂಟಿಗಿ 1994ರಿಂದ ಪರಿವರ್ತನೆಗೆ ಬಾಗಿಲು ತೆಗದದ, ಆದ್ರ ಬಂಡವಾಳದ ಲೇವಾದೇವಿಗಿ ಇನ್ನೂ ರಿಸರ್ವ್ ಬ್ಯಾಂಕಿನ ನಿಯಮ, ಮಿತಿ ಅವ. ಲಂಡನ್ ಅಥವಾ ಸಿಂಗಾಪುರದಾಗ ಒಂದು ಬ್ಯಾಂಕು ಇನ್ನೊಂದು ಬ್ಯಾಂಕಿಗಿ ಕೋಟಿಗಟ್ಟಲೆ ರೂಪಾಯಿ ಡೆಲಿವರಿ ಕೊಡ್ತೀನಂದ್ರ ಆ ರೂಪಾಯಿ ಇಡೋಕ ಅಲ್ಲಿ ಜಾಗಾನೇ ಇಲ್ಲ. ರೂಪಾಯಿ ಬೀಳ್ತದ ಅನ್ನೋ ಅಂಜಿಕಿ ಮಾತ್ರ ಅಲ್ಲಿರೋರಿಗೂ ಅದ, ಇಂಡಿಯಾದಾಗ ರೊಕ್ಕ ಹಾಕಿದ ಫಂಡ್‌ಗಳಿಗಿ ಅದ, ರೂಪಾಯಿ ಬಿಲ್ ಬರೋ ಟ್ರೇಡರ್‌ಗಳಿಗಿ ಅದ. ಅದಕ್ಕ ರೂಪಾಯಿ ಮುಟ್ಟದೇ ರೂಪಾಯಿ ರೇಟಿನ ಫರಕ್ ಅನ್ನ ಡಾಲರ್‌ದಾಗ ಚುಕ್ತಾ ಮಾಡೋ ದಾರಿ ಮಾಡ್ಕೊಂಡ್ರು. ಕೊರಿಯಾದ ವಾನ್, ತೈವಾನ್ ಡಾಲರ್, ಬ್ರೆಜಿಲ್ ರಿಯಾಲ್, ಇಂಡೋನೇಷ್ಯಾ ರುಪಿಯಾ, ಫಿಲಿಪ್ಪೀನ್ಸ್ ಪೆಸೊ ಇವಕ್ಕೂ ಇದೇ ನಮೂನಿ ಮಾರ್ಕೆಟ್ ಅದ.

ರೂಪಾಯಿ ಎನ್‌ಡಿಎಫ್‌ದಾಗ ಫಿಕ್ಸಿಂಗ್‌ಗಿ ಈಗ ಬಳಸೋದು ಎಫ್‌ಬಿಐಎಲ್ ರೆಫರೆನ್ಸ್ ರೇಟ್. ಮೊದಲ ಇದನ್ನ ರಿಸರ್ವ್ ಬ್ಯಾಂಕೇ ಕೊಡ್ತಿತ್ತು, 2018ರ ಜುಲೈಲಿಂದ ಫೈನಾನ್ಷಿಯಲ್ ಬೆಂಚ್‌ಮಾರ್ಕ್ಸ್ ಇಂಡಿಯಾ ಅನ್ನೋ ಸಂಸ್ಥೆ ಕೊಡ್ತದ. ಬ್ಯಾಂಕುಗಳ ನಡುವೆ ಆ ದಿನ ನಡೆದ ನಿಜವಾದ ವ್ಯವಹಾರದ ಮ್ಯಾಲ ಲೆಕ್ಕ ಹಾಕಿ ಮಧ್ಯಾಹ್ನ ಪ್ರಕಟ ಮಾಡ್ತಾರ. ಸೆಟಲ್‌ಮೆಂಟ್ ಸಾಮಾನ್ಯವಾಗಿ ಅದಾಗಿ ಎರಡು ಕೆಲಸದ ದಿನಕ್ಕ. ಈ ಎರಡು ದಿನದ ಅಂತರ ನೆನಪಿಟ್ಕೋರಿ, ಮುಂದ ಬೇಕಾಗ್ತದ.

ದುಬೈ ಕಡಿ ಲೆಕ್ಕ

ಅಳಿಯನ ಕಂಪನಿ ಇಲ್ಲಿನ ಮಿಲ್‌ಗಳಿಗಿ ತೊಗರಿ ಮಾರ್ತದ, ಗಿರಾಕಿ ಉಳಿಸ್ಕೊಳ್ಳೋಕ ಬಿಲ್ ರೂಪಾಯಿದಾಗ ಕೊಡ್ತದ ಅಂತ ಇಟ್ಕೋರಿ. ಮೂರು ತಿಂಗಳ ಮ್ಯಾಲ 8.60 ಕೋಟಿ ರೂಪಾಯಿ ಬರಬೇಕು. ಅವರ ಸಂಬಳ, ಬಾಡಿಗಿ, ಆಫ್ರಿಕಾದಾಗ ಮಾಲ್ ಖರೀದಿ ಎಲ್ಲಾ ಡಾಲರ್, ದಿರ್ಹಮ್‌ದಾಗ. ದಿರ್ಹಮ್ ಡಾಲರ್‌ಗಿ ಕಟ್ಟಿದ ರೊಕ್ಕ, ಹಂಗಾಗಿ ಅವರಿಗಿ ಇರೋ ನಿಜವಾದ ಅಂಜಿಕಿ ಒಂದೇ, ರೂಪಾಯಿ ಬೀಳೋದು.

ಅವರು ತಮ್ಮ ಬ್ಯಾಂಕಿನ ಹತ್ರ 10 ಲಕ್ಷ ಡಾಲರ್ ಮೊತ್ತದ ಎನ್‌ಡಿಎಫ್ ತಗೋತಾರ, ರೇಟು 86.00, ಇವರು ಡಾಲರ್ ಕೊಳ್ಳೋ ಕಡಿ. 10 ಲಕ್ಷ ಗುಣಿಸು 86 ಅಂದ್ರ ಸರಿಯಾಗಿ 8.60 ಕೋಟಿ. ಡಾಲರ್ ಕೊಂಡವರಿಗಿ ಸಿಗೋ ಮೊತ್ತದ ಲೆಕ್ಕ ಹಿಂಗದ:

```
ಡಾಲರ್ ಮೊತ್ತ × (ಫಿಕ್ಸಿಂಗ್ ರೇಟ್ − ಒಪ್ಪಂದದ ರೇಟ್) ÷ ಫಿಕ್ಸಿಂಗ್ ರೇಟ್
```

ಫಿಕ್ಸಿಂಗ್ ದಿನ ರೇಟು 88.00 ಬಂತು ಅನ್ರಿ. ಡಾಲರಿಗಿ ಎರಡು ರೂಪಾಯಿ ಫರಕ್, 10 ಲಕ್ಷಕ್ಕ 20 ಲಕ್ಷ ರೂಪಾಯಿ, ಅದನ್ನ 88ರಿಂದ ಭಾಗಿಸಿದ್ರ 22,727.27 ಡಾಲರ್. ಇಷ್ಟು ಬ್ಯಾಂಕು ಇವರಿಗಿ ಕೊಡ್ತದ. ಇತ್ತ ಕಲಬುರಗಿಲಿಂದ ಬಂದ 8.60 ಕೋಟಿ ರೂಪಾಯಿನ 88ಕ್ಕ ಬದಲಿಸಿದ್ರ 9,77,272.73 ಡಾಲರ್. ಎರಡೂ ಕೂಡಸಿದ್ರ 10,00,000. ಪೈಸಾ ಪೈಸಾ ಸರಿ.

ರೂಪಾಯಿ ಏರಿ 84.50 ಆದ್ರ? ಆಗ ಲೆಕ್ಕ ಮೈನಸ್ ಬರ್ತದ, ಇವರೇ ಬ್ಯಾಂಕಿಗಿ 17,751.48 ಡಾಲರ್ ಕಟ್ಟಬೇಕು. ಆದ್ರ ಅವರ 8.60 ಕೋಟಿಗಿ ಈಗ 10,17,751.48 ಡಾಲರ್ ಸಿಗ್ತದ, ಕಟ್ಟಿದ್ದು ಕಳದ್ರ ಮತ್ತ 10 ಲಕ್ಷನೇ. ರೇಟು ಎತ್ತ ಹೋದ್ರೂ ಇವರ ಕೈಗಿ 10 ಲಕ್ಷ ಡಾಲರ್, ಹೆಡ್ಜ್ ಅಂದ್ರ ಇದೇ.

ಇಲ್ಲೊಂದು ಭಾಳ ಮಂದಿ ತಪ್ಪೋ ಜಾಗ ಅದ. ಫರಕ್ ಅನ್ನ ಒಪ್ಪಂದದ ರೇಟ್ 86ರಿಂದ ಭಾಗಿಸ್ತಾರ, ಆಗ 23,255.81 ಬರ್ತದ, ಬ್ಯಾಂಕು ಐದುನೂರು ಚಿಲ್ಲರ್ ಡಾಲರ್ ಕಮ್ಮಿ ಕೊಟ್ಟದ ಅಂತ ಜಗಳಕ್ಕ ನಿಲ್ತಾರ. ಲಾಭ ಹುಟ್ಟಿದ್ದು ರೂಪಾಯಿದಾಗ, 20 ಲಕ್ಷ ರೂಪಾಯಿ, ಅದನ್ನ ಡಾಲರ್ ಮಾಡಬೇಕಂದ್ರ ಆ ದಿನದ ರೇಟಿಗೇ ಮಾಡಬೇಕು, ಹಳೇ ರೇಟಿಗಿ ಅಲ್ಲ. 88ರಿಂದ ಭಾಗಿಸಿದ್ದಕ್ಕೇ ಮ್ಯಾಲಿನ ಲೆಕ್ಕ ಸರಿಯಾಗಿ 10 ಲಕ್ಷಕ್ಕ ಕೂಡಿದ್ದು. ಸ್ಟೇಟ್‌ಮೆಂಟ್ ಬಂದಾಗ ನೀವೂ ಹಿಂಗೇ ಎರಡು ಕಡಿ ಕೂಡಿಸಿ ನೋಡ್ರಿ, ಕೂಡಲಿಲ್ಲಂದ್ರ ಫಿಕ್ಸಿಂಗ್ ರೇಟ್ ಯಾವುದು ಹಿಡಿದಾರ ಅಂತ ಮೊದಲ ಕೇಳ್ರಿ.

ಇನ್ನೊಂದು ಗಮನಸ್ರಿ, 10 ಲಕ್ಷ ಡಾಲರ್ ಒಪ್ಪಂದದಾಗ ನಿಜವಾಗಿ ಓಡಾಡಿದ್ದು ಇಪ್ಪತ್ತು ಇಪ್ಪತ್ತೆರಡು ಸಾವಿರ ಡಾಲರ್. ಎದುರಿನ ಬ್ಯಾಂಕು ಕೈ ಎತ್ತಿದ್ರೂ ಹೋಗೋದು ಈ ಫರಕ್ ಅಷ್ಟೇ, ಅಸಲು ಅಲ್ಲ. ಡೆಲಿವರಿ ಇರೋ ಒಪ್ಪಂದದಾಗ ನಾವು ನಮ್ಮ ಕಡಿ ರೊಕ್ಕ ಕೊಟ್ಟ ಮ್ಯಾಲ ಎದುರಿನವರು ಕೊಡದಿದ್ರ ಅನ್ನೋ ದೊಡ್ಡ ಭಯ ಇರ್ತದ, ಇಲ್ಲಿ ಅದಿಲ್ಲ. ಹಂಗಂತ ಪುಕ್ಕಟೆ ಅಲ್ಲ, ಬ್ಯಾಂಕು ಕ್ರೆಡಿಟ್ ಲೈನ್ ಕೇಳ್ತದ ಇಲ್ಲಾ ಮಾರ್ಜಿನ್ ಅಂತ ಠೇವಣಿ ಕೇಳ್ತದ, ರೇಟು ಇವರ ವಿರುದ್ಧ ಹೋದಾಗ ಆ 17 ಸಾವಿರ ಡಾಲರ್ ರೆಡಿ ಇರಬೇಕು, ಮಿಲ್‌ಲಿಂದ ರೂಪಾಯಿ ಬಂದಿರಲಿ ಬಿಡಲಿ.

ಲೆಕ್ಕ ಎಲ್ಲಿ ತಪ್ಪತದ

ಮ್ಯಾಲಿನ ಲೆಕ್ಕ ಸರಿ ಕೂಡಿದ್ದಕ್ಕ ಒಂದು ಶರತ್ತು ಅದ, ರೂಪಾಯಿ ಬದಲಾಗಿದ್ದೂ ಫಿಕ್ಸಿಂಗ್ ರೇಟಿಗೇ. ಎನ್‌ಡಿಎಫ್‌ಗೂ ತೊಗರಿ ಬಿಲ್‌ಗೂ ಕಾಗದದ ಮ್ಯಾಲ ಯಾವ ಸಂಬಂಧನೂ ಇಲ್ಲ. ತೊಗರಿ ಬರಲಿ ಬರದಿರಲಿ, ಮಿಲ್‌ನವರು ರೊಕ್ಕ ಕೊಡಲಿ ಬಿಡಲಿ, ಫಿಕ್ಸಿಂಗ್ ತನ್ನ ದಿನಕ್ಕ ಆಗೇ ಆಗ್ತದ.

ನಮ್ಮ ಕಡಿ ಪೇಮೆಂಟ್ ನಾಲ್ಕು ದಿನ ಹಿಂದ ಮುಂದ ಆಗೋದು ಎಲ್ಲರಿಗೂ ಗೊತ್ತಿರೋದೇ. ಮಿಲ್‌ನವರು ಫಿಕ್ಸಿಂಗ್ ಆಗಿ ನಾಲ್ಕು ದಿನ ಬಿಟ್ಟು ಕೊಟ್ರು, ಅಷ್ಟರಾಗ ರೇಟು 88ರಿಂದ 88.60 ಆಯ್ತು. ಈಗ 8.60 ಕೋಟಿಗಿ ಸಿಗೋದು 9,70,654.63 ಡಾಲರ್, ಎನ್‌ಡಿಎಫ್ ಕೊಟ್ಟ 22,727.27 ಕೂಡಿಸಿದ್ರ 9,93,381.90. ಹೆಡ್ಜ್ ಮಾಡಿನೂ 6,618 ಡಾಲರ್ ಕಮ್ಮಿ ಬಿತ್ತು. ಇದು ಎನ್‌ಡಿಎಫ್ ಕೆಟ್ಟದ್ದು ಅಂತಲ್ಲ, ತಾರೀಖು ಕೂಡಲಿಲ್ಲ ಅಂತ. ರೇಟು ಕೆಳಗ ಬಂದಿದ್ರ ಅಷ್ಟೇ ಲಾಭನೂ ಆಗ್ತಿತ್ತು, ಆದ್ರ ಹೆಡ್ಜ್ ಮಾಡೋದು ಲಾಭ ನಷ್ಟ ಎರಡನ್ನೂ ಮುಚ್ಚೋಕ, ನಾಲ್ಕು ದಿನದ ಜೂಜಿಗಿ ಅಲ್ಲ.

ಅದಕ್ಕ ಅಳಿಯನಂಥವರು ಮಾಡಬೇಕಾಗಿದ್ದು ಏನಂದ್ರ, ಮಿಲ್ ಜೋಡಿ ಮಾಡೋ ಸೌದಾದಾಗೇ ಪೇಮೆಂಟ್ ತಾರೀಖನ್ನ ಗಟ್ಟಿ ಬರಸ್ಕೋಬೇಕು, ಫಿಕ್ಸಿಂಗ್ ಅದಕ್ಕ ಹೊಂದಸಬೇಕು, ಮತ್ತ ಫಿಕ್ಸಿಂಗ್ ದಿನವೇ ಸ್ಪಾಟ್‌ದಾಗ ರೂಪಾಯಿ ಮಾರಿ ಡಾಲರ್ ತಗೋಬೇಕು. ಸ್ಪಾಟ್ ಅಂದ್ರ ಎರಡು ದಿನಕ್ಕ ಕೈಗಿ ಬರೋದು, ಎನ್‌ಡಿಎಫ್ ರೊಕ್ಕನೂ ಅದೇ ಎರಡು ದಿನಕ್ಕ ಬರ್ತದ, ಹಿಂಗಾಗಿ ಎರಡೂ ಒಂದೇ ರೇಟಿನ ಆಸುಪಾಸು, ಒಂದೇ ದಿನಕ್ಕ ಕೂಡ್ತಾವ. ಸೆಟಲ್‌ಮೆಂಟ್ ದಿನ ಕೂತು ಆವತ್ತಿನ ರೇಟಿಗಿ ಬದಲಿಸಿದ್ರ ನಡುವಿನ ಎರಡು ದಿನದ ಏರಿಳಿತ ನಿಮ್ಮ ತಲಿ ಮ್ಯಾಲ.

ರಜಾದ ವಿಷಯನೂ ಇದರಾಗೇ ಬರ್ತದ. ಫಿಕ್ಸಿಂಗ್‌ಗಿ ನೋಡೋದು ಮುಂಬೈ ಕೆಲಸದ ದಿನ, ಡಾಲರ್ ಸೆಟಲ್‌ಮೆಂಟ್‌ಗಿ ನೋಡೋದು ನ್ಯೂಯಾರ್ಕ್. ನವೆಂಬರ್ 1 ರಾಜ್ಯೋತ್ಸವ, ನಮ್ಮ ಬ್ಯಾಂಕ್ ಬಂದ್, ಗಂಜ್ ಬಂದ್, ಆದ್ರ ಅದು ವಾರದ ದಿನ ಇದ್ರ ಮುಂಬೈದಾಗ ಬಹುತೇಕ ಮಾರ್ಕೆಟ್ ನಡೀತಿರ್ತದ, ರೆಫರೆನ್ಸ್ ರೇಟೂ ಬರ್ತದ. ಸೆಪ್ಟೆಂಬರ್ 17 ಕಲ್ಯಾಣ ಕರ್ನಾಟಕ ಉತ್ಸವಕ್ಕ ಇಲ್ಲಿ ಮಿಲ್ ಮುಚ್ಚಿದ್ರೂ ಹಂಗೇ. ಅಂಥ ದಿನ ಫಿಕ್ಸಿಂಗ್ ಇಟ್ರ ಒಂದು ಕೈ ಚುಕ್ತಾ ಆಗಿ ಇನ್ನೊಂದು ಕೈ ಮರುದಿನಕ್ಕ ಉಳೀತದ. ಒಪ್ಪಂದ ಮಾಡೋ ದಿನನೇ ಮುಂಬೈ ಕ್ಯಾಲೆಂಡರ್ ಪಕ್ಕಕ್ಕ ನಮ್ಮ ಕ್ಯಾಲೆಂಡರ್ ಇಟ್ಟು ನೋಡ್ರಿ.

ದುಬೈನವರಿಗಿ ಬ್ಯಾರೆ ದಾರಿ ಇಲ್ಲಾ?

ಅದ. ಇಂಡಿಯಾ ಜೋಡಿ ರೂಪಾಯಿ ಬಿಲ್ ವ್ಯಾಪಾರ ಮಾಡೋ ಹೊರದೇಶದ ಕಂಪನಿ ಇಲ್ಲಿನ ಅಧಿಕೃತ ಡೀಲರ್ ಬ್ಯಾಂಕಿನ ಹತ್ರನೂ ಹೆಡ್ಜ್ ತಗೋಬಹುದು, ಅದಕ್ಕ ರಿಸರ್ವ್ ಬ್ಯಾಂಕು ಅವಕಾಶ ಕೊಟ್ಟದ. ಆವಾಗ ನಿಜವಾಗಿ ರೂಪಾಯಿ ಕೊಟ್ಟು ಡಾಲರ್ ತಗೋತಾರ, ಫಿಕ್ಸಿಂಗ್ ಬೇರೆ, ಬದಲಿಸಿದ ರೇಟ್ ಬೇರೆ ಅನ್ನೋ ತಕರಾರೇ ಇರಲ್ಲ. ಆದ್ರ ಇನ್‌ವಾಯ್ಸ್, ಸೌದಾ ಪತ್ರ, ಕೆವೈಸಿ ಎಲ್ಲಾ ಇಲ್ಲಿನ ಬ್ಯಾಂಕಿಗಿ ಮುಟ್ಟಬೇಕು, ಬ್ಯಾಂಕು ವ್ಯಾಪಾರ ಖರೇ ಅದನಾ ಅಂತ ನೋಡ್ತದ. ಎನ್‌ಡಿಎಫ್ ಆದ್ರ ದುಬೈದಾಗ ತಮಗ ಮೊದಲಿಂದ ಲೈನ್ ಇರೋ ಬ್ಯಾಂಕಿಗಿ ಫೋನ್ ಮಾಡಿದ್ರ ಮುಗೀತು, ಅಲ್ಲಿ ಬಿಲ್ ಕೇಳೋರು ಕಮ್ಮಿ, ಇಂಡಿಯಾದ ಮಾರ್ಕೆಟ್ ಮುಚ್ಚಿದ ಮ್ಯಾಲನೂ ರೇಟು ಸಿಗ್ತದ.

ನನ್ನ ಅಭಿಪ್ರಾಯ ಕೇಳಿದ್ರ, ತಾರೀಖು ಗಟ್ಟಿ ಇರೋ, ಮೊತ್ತ ದೊಡ್ಡದಿರೋ, ಹೊರಗ ಬ್ಯಾಂಕ್ ಲೈನ್ ಇರೋ ಕಂಪನಿಗಿ ಎನ್‌ಡಿಎಫ್ ಸರಳ. ಒಂದೇ ಮಿಲ್ ಜೋಡಿ ವರ್ಷಕ್ಕ ಒಂದೆರಡು ಸಲ ವ್ಯಾಪಾರ, ಪೇಮೆಂಟ್ ತಾರೀಖು ಅಲುಗಾಡ್ತದ ಅಂದ್ರ ಇಲ್ಲಿನ ಡೆಲಿವರಿ ಫಾರ್ವರ್ಡೇ ಚಲೋ, ಯಾಕಂದ್ರ ತಾರೀಖು ಮುಂದ ಹೋದ್ರ ಅದೇ ಬ್ಯಾಂಕಿನ ಜೋಡಿ ಕೂತು ಮುಂದೂಡಿಸಬಹುದು, ರೂಪಾಯಿ ಬರೋದೂ ಡಾಲರ್ ಹೋಗೋದೂ ಒಂದೇ ಟೇಬಲ್ ಮ್ಯಾಲ ಇರ್ತದ.

ಈಗ ಮಾಮಾನ ಲೆಕ್ಕ

ಇವರ ಕತಿ ಉಲ್ಟಾ. ಇವರು ಮೊಜಾಂಬಿಕ್ ಕಡಿಯವರಿಂದ ಬ್ಯಾರೆ ಲಾಟ್ ತರಸ್ತಾರ, ಮೂರು ತಿಂಗಳಿಗಿ 2 ಲಕ್ಷ ಡಾಲರ್ ಕಟ್ಟಬೇಕು. ಇವರಿಗಿ ಬೇಕಾಗಿದ್ದು ಫರಕ್ ಅಲ್ಲ, ಖರೇ ಡಾಲರ್, ಸಪ್ಲೈಯರ್ ಖಾತೆಗಿ ಹೋಗಬೇಕು.

ಮೊದಲ ನಿಯಮದ ಮಾತು. ಇಲ್ಲಿರೋ ಮಿಲ್‌ನವರು ದುಬೈ, ಸಿಂಗಾಪುರದ ಬ್ಯಾಂಕಿಗಿ ಫೋನ್ ಹಚ್ಚಿ ಎನ್‌ಡಿಎಫ್ ತಗೋಳಂಗಿಲ್ಲ. ಅಳಿಯನ ಕಂಪನಿ ಹೆಸರಿನ ಮ್ಯಾಲ ಮಾಮಾಗೋಸ್ಕರ ತಗೊಳ್ಳೋದೂ ಸರಿ ಅಲ್ಲ, ನಷ್ಟ ಆದ್ರ ಆ ಡಾಲರ್ ಇಲ್ಲಿಂದ ಯಾವ ಲೆಕ್ಕಕ್ಕ ಕಳಸ್ತೀರಿ, ವಿದೇಶಿ ವಿನಿಮಯದ ಫೆಮಾ ಕಾಯ್ದೆ ಅಡ್ಡ ಬರ್ತದ. ಆದ್ರ 2023ರ ಜೂನ್‌ದಾಗ ರಿಸರ್ವ್ ಬ್ಯಾಂಕು ಒಂದು ಬಾಗಿಲು ತೆಗೀತು, ಗುಜರಾತಿನ ಗಿಫ್ಟ್ ಸಿಟಿಯಂಥ ಅಂತಾರಾಷ್ಟ್ರೀಯ ಹಣಕಾಸು ಕೇಂದ್ರ ಅಂದ್ರ ಐಎಫ್‌ಎಸ್‌ಸಿದಾಗ ಶಾಖೆ ಇರೋ ಅಧಿಕೃತ ಬ್ಯಾಂಕುಗಳು ದೇಶದ ಒಳಗಿರೋರಿಗೂ ಹೆಡ್ಜಿಂಗ್‌ಗಿ ರೂಪಾಯಿಯ ನಾನ್ ಡೆಲಿವರೆಬಲ್ ಒಪ್ಪಂದ ಕೊಡಬಹುದು ಅಂತ, ಆದ್ರ ಅದು ಚುಕ್ತಾ ಆಗಬೇಕಾಗಿದ್ದು ರೂಪಾಯಿದಾಗ, ಡಾಲರ್‌ದಾಗ ಅಲ್ಲ. ಈ ನಿಯಮಗಳನ್ನ ರಿಸರ್ವ್ ಬ್ಯಾಂಕು ಆಗಾಗ ತಿದ್ದತದ, ರೂಪಾಯಿ ಮ್ಯಾಲ ಒತ್ತಡ ಬಂದಾಗ ಬಿಗಿನೂ ಮಾಡ್ತದ, ಅದಕ್ಕ ಬುಕ್ ಮಾಡೋ ದಿನದ ಸರ್ಕ್ಯುಲರ್ ಏನದ ಅಂತ ಬ್ಯಾಂಕಿನ ಟ್ರೆಜರಿ ಕಡಿಯಿಂದ ಬರವಣಿಗಿದಾಗ ತಗೊಂಡೇ ಮುಂದ ಹೋಗ್ರಿ.

ಸರಿ, ಎರಡನ್ನೂ ಪಕ್ಕ ಪಕ್ಕ ಇಡೋಣ. ಬ್ಯಾಂಕಿನ ಡೆಲಿವರಿ ಫಾರ್ವರ್ಡ್ 86.10, ಇದರಾಗ ಬ್ಯಾಂಕಿನ ಮಾರ್ಜಿನ್ ಎಲ್ಲಾ ಸೇರೇದ. 2 ಲಕ್ಷ ಡಾಲರಿಗಿ 1,72,20,000 ರೂಪಾಯಿ, ಲೆಕ್ಕ ಅಲ್ಲಿಗಿ ಬಂದ್. ನಾನ್ ಡೆಲಿವರೆಬಲ್ ರೇಟ್ 86.00, ನೋಡಿದ್ರ ಹತ್ತು ಪೈಸಾ ಅಗ್ಗ, 20 ಸಾವಿರ ರೂಪಾಯಿ ಉಳೀತು ಅನಸ್ತದ. ಫಿಕ್ಸಿಂಗ್ 88.00 ಬಂತು, ಡಾಲರಿಗಿ ಎರಡು ರೂಪಾಯಿ ಹಂಗ ಬ್ಯಾಂಕು 4 ಲಕ್ಷ ರೂಪಾಯಿ ಕೊಡ್ತು. ರೂಪಾಯಿದಾಗೇ ಚುಕ್ತಾ ಅಂದ್ರ ಇಲ್ಲಿ ಭಾಗಾಕಾರ ಬೇಕಿಲ್ಲ. ಈಗ ಡಾಲರ್ ಕೊಳ್ಳಬೇಕಲ್ಲ, ಅದನ್ನ ಬ್ಯಾಂಕು 88.00ಕ್ಕ ಕೊಡಲ್ಲ, ರೆಫರೆನ್ಸ್ ರೇಟ್ ಅಂದ್ರ ಬ್ಯಾಂಕು ಬ್ಯಾಂಕಿನ ನಡುವಿನ ರೇಟು, ಮಿಲ್‌ಗಿ ಅದರ ಮ್ಯಾಲ ಮಾರ್ಜಿನ್ ಹಚ್ಚಿ 88.15 ಅಂತಾರ. 2 ಲಕ್ಷಕ್ಕ 1,76,30,000, ಬಂದ 4 ಲಕ್ಷ ಕಳದ್ರ 1,72,30,000. ಡಾಲರಿಗಿ 86.15 ಬಿತ್ತು. ಹತ್ತು ಪೈಸಾ ಅಗ್ಗ ಕಂಡಿದ್ದು ಕೊನಿಗಿ ಐದು ಪೈಸಾ ತುಟ್ಟಿ, ಕೈಲಿಂದ 10 ಸಾವಿರ ರೂಪಾಯಿ ಹೆಚ್ಚು. ರೇಟು 84.50 ಬಂದ್ರೂ ಇದೇ ಉತ್ತರ, 3 ಲಕ್ಷ ಬ್ಯಾಂಕಿಗಿ ಕಟ್ಟಿ, 84.65ರಂಗ ಡಾಲರ್ ಕೊಂಡ್ರ ಮತ್ತ 1,72,30,000.

ಅಂದ್ರ ಇವೆರಡರ ರೇಟನ್ನ ಹಂಗೇ ಹೋಲಸಂಗಿಲ್ಲ. ಒಂದರಾಗ ಡಾಲರ್ ಮನಿಗಿ ಬಂದದ, ಇನ್ನೊಂದರಾಗ ಡಾಲರ್ ಕೊಳ್ಳೋ ಖರ್ಚು ಇನ್ನೂ ಬಾಕಿ ಅದ. ನಾನ್ ಡೆಲಿವರೆಬಲ್ ರೇಟಿಗಿ ನಿಮ್ಮ ಬ್ಯಾಂಕು ಸ್ಪಾಟ್ ಮ್ಯಾಲ ಹಚ್ಚೋ ಮಾರ್ಜಿನ್ ಕೂಡಿಸ್ರಿ, ಆಮ್ಯಾಲ ಡೆಲಿವರಿ ರೇಟಿನ ಜೋಡಿ ಹಿಡೀರಿ. ಆ ಮಾರ್ಜಿನ್ ಎಷ್ಟು ಅಂತ ಶಾಖೆದಾಗ ಕೇಳಿದ್ರ ಹೇಳಲೇಬೇಕು, ಮತ್ತ ಅದು ಚೌಕಾಶಿ ಆಗೋ ವಸ್ತು, ಎರಡು ಬ್ಯಾಂಕಿನ ಜೋಡಿ ಖಾತೆ ಇರೋರಿಗಿ ಇನ್ನೂ ಚಲೋ ಸಿಗ್ತದ. ನನ್ನ ಮಟ್ಟಿಗಿ ಆಮದು ಮಾಡೋ ಮಿಲ್‌ಗಿ ಡೆಲಿವರಿ ಫಾರ್ವರ್ಡೇ ಮೊದಲ ಆಯ್ಕೆ, ಇದರಾಗ ಅನುಮಾನ ಇಲ್ಲ.

ಮೂರನೇದ್ದು ಎನ್‌ಎಸ್‌ಇದಾಗಿನ ಡಾಲರ್ ಫ್ಯೂಚರ್ಸ್. ಲಾಟ್ ಸಾವಿರ ಡಾಲರ್, ಸಣ್ಣ ಮೊತ್ತಕ್ಕ ಬರ್ತದ, ಚುಕ್ತಾ ರೂಪಾಯಿದಾಗ, ಕೊನೇ ರೇಟೂ ಅದೇ ಎಫ್‌ಬಿಐಎಲ್‌ದು. ಅಂದ್ರ ಇಲ್ಲೂ ಡಾಲರ್ ಕೈಗಿ ಬರಲ್ಲ, ಮ್ಯಾಲಿನ ಮಾರ್ಜಿನ್ ಲೆಕ್ಕ ಇಲ್ಲೂ ಹಂಗೇ ಹಚ್ಚಬೇಕು. ಅದರ ಮ್ಯಾಲ ಮಾರ್ಕ್ ಟು ಮಾರ್ಕೆಟ್ ಅಂತ ದಿನಾ ಆವತ್ತಿನ ರೇಟಿಗಿ ಲಾಭ ನಷ್ಟ ಚುಕ್ತಾ ಮಾಡಿ ರೊಕ್ಕ ಹಾಕ್ತಾರ ಇಲ್ಲಾ ಕಡೀತಾರ, ಎಕ್ಸ್‌ಪೈರಿ ಎಕ್ಸ್‌ಚೇಂಜ್ ಹೇಳಿದ ದಿನ, ನಿಮ್ಮ ಬಿಲ್ ಡ್ಯೂ ದಿನ ಅಲ್ಲ. 2024ರ ಮೇ ತಿಂಗಳಿಂದ ಇದನ್ನ ಮಾಡೋರಿಗಿ ನಿಜವಾದ ಡಾಲರ್ ಬಾಕಿ ಇರಲೇಬೇಕು ಅಂತ ರಿಸರ್ವ್ ಬ್ಯಾಂಕು ಸ್ಪಷ್ಟ ಮಾಡಿದ ಮ್ಯಾಲ ಅಲ್ಲಿನ ವಹಿವಾಟು ಭಾಳ ಇಳೀತು, ದೂರದ ತಿಂಗಳ ಕಾಂಟ್ರಾಕ್ಟ್‌ದಾಗ ಕೊಳ್ಳೋ ಮಾರೋ ರೇಟಿನ ನಡುವೆ ಅಂತರ ಹೆಚ್ಚು. ಮೂರು ತಿಂಗಳ ತೊಗರಿ ಬಿಲ್‌ಗಿ ನಾ ಇದನ್ನ ಹೇಳಲ್ಲ.

ಹೊರಗಿನ ರೇಟು ಬ್ಯಾರೆ ಯಾಕ ಕಾಣ್ತದ

ಇಲ್ಲಿನ ಫಾರ್ವರ್ಡ್ ರೇಟು ಅಂದ್ರ ಇವತ್ತಿನ ಸ್ಪಾಟ್ ಮ್ಯಾಲ ಪ್ರೀಮಿಯಂ, ಅದು ಮುಖ್ಯವಾಗಿ ಎರಡು ದೇಶದ ಬಡ್ಡಿಯ ಅಂತರ. ಹೊರಗಿನ ಎನ್‌ಡಿಎಫ್ ರೇಟು ಹಂಗೇ ಬಡ್ಡಿಗಿ ಕಟ್ಟಿಸ್ಕೊಂಡು ಕೂತಿರಲ್ಲ, ಯಾಕಂದ್ರ ಅಲ್ಲಿ ರೂಪಾಯಿ ಸಾಲ ಕೊಟ್ಟು ತಗೊಂಡು ರೇಟನ್ನ ಜಾಗಕ್ಕ ತರೋರು ಇರಲ್ಲ, ಮಂದಿ ರೂಪಾಯಿ ಬೀಳ್ತದ ಅಂತ ಅಂಜಿದ್ರ ಆ ಅಂಜಿಕಿನೇ ರೇಟಿನಾಗ ಕಾಣ್ತದ. 2013ರ ಆಗಸ್ಟ್‌ದಾಗ ರೂಪಾಯಿ 68 ದಾಟಿ ಬಿದ್ದಾಗ ಹೊರಗಿನ ರೇಟಿನಾಗ ರೂಪಾಯಿ ಒಳಗಿನದಕ್ಕಿಂತ ಇನ್ನೂ ಕೆಳಗ ಬಿದ್ದಿತ್ತು, ಒಳಗಿನ ಮಾರ್ಕೆಟ್ ಬೆಳಿಗ್ಗೆ ತೆಗಿಯೋದ್ರಾಗ ರಾತ್ರಿ ಹೊರಗ ನಡೆದ ಎನ್‌ಡಿಎಫ್ ರೇಟ್ ನೋಡೇ ಇಲ್ಲಿ ಡೀಲರ್‌ಗಳು ಕೂಗತಿದ್ರು.

ಇದರ ಮ್ಯಾಲ ರಿಸರ್ವ್ ಬ್ಯಾಂಕಿನ ಮಾಜಿ ಡೆಪ್ಯುಟಿ ಗವರ್ನರ್ ಉಷಾ ಥೋರಟ್ ಅವರ ನೇತೃತ್ವದಾಗ ಒಂದು ಕಾರ್ಯಪಡೆ ಮಾಡಿ, ಅದು 2019ರಾಗ ವರದಿ ಕೊಟ್ಟು, ಮುಂದ 2020ರ ಜೂನ್ 1ರಿಂದ ಐಎಫ್‌ಎಸ್‌ಸಿ ಶಾಖೆ ಇರೋ ನಮ್ಮ ಬ್ಯಾಂಕುಗಳಿಗೂ ಎನ್‌ಡಿಎಫ್ ಮಾರ್ಕೆಟ್‌ದಾಗ ಇಳಿಯೋಕ ರಿಸರ್ವ್ ಬ್ಯಾಂಕು ಬಿಟ್ಟಿತು. ಹೊರಗ ಡಾಲರ್ ತುಟ್ಟಿ, ಒಳಗ ಅಗ್ಗ ಇದ್ರ ಆ ಬ್ಯಾಂಕು ಒಳಗ ಕೊಂಡು ಹೊರಗ ಮಾರ್ತದ, ಅಂತರ ಮುಚ್ಚಿಕೋತದ. ಅದಕ್ಕ ಶಾಂತ ದಿನದಾಗ ಈಗ ಫರಕ್ ಕೆಲವೇ ಪೈಸಾ. ಅಂತರ ಒಮ್ಮೆಲೆ ದೊಡ್ಡದಾಯ್ತು ಅಂದ್ರ ಅದು ಅಗ್ಗದ ಮಾಲ್ ಬಂತು ಅಂತಲ್ಲ, ಒಳಗ ಹೊರಗ ರೊಕ್ಕ ಓಡಾಡೋ ದಾರಿ ಎಲ್ಲೋ ಕಟ್ಟೇದ ಅಂತ, ಅಥವಾ ಮಂದಿ ಅಂಜ್ಯಾರ ಅಂತ. ಆವತ್ತು ಯಾರೂ ಫೋನ್ ಮ್ಯಾಲ ಹೇಳಿದ ರೇಟ್ ನಂಬಿ ಬುಕ್ ಮಾಡಬ್ಯಾಡ್ರಿ.

ಬ್ಯಾರೆ ದೇಶದ ರೊಕ್ಕ ಆದ್ರ

ಬೀದರ್, ಯಾದಗಿರಿ ಕಡಿಯ ಯಾವುದಾದ್ರೂ ಕಂಪನಿ ಬ್ರೆಜಿಲ್‌ಗಿ ಮಾಲ್ ಕಳಿಸಿ ರಿಯಾಲ್ ಬಿಲ್ ಒಪ್ಕೊಂಡ್ರ ಆವಾಗ ಎನ್‌ಡಿಎಫ್ ಆಯ್ಕೆ ಅಲ್ಲ, ಹೆಚ್ಚು ಕಮ್ಮಿ ಅದೇ ಒಂದು ದಾರಿ, ಯಾಕಂದ್ರ ಇಲ್ಲಿ ಯಾರ ಹತ್ರನೂ ರಿಯಾಲ್ ಡೆಲಿವರಿ ಇಲ್ಲ. ಆಗ ಕಾಗದದಾಗ ಮೊದಲ ನೋಡಬೇಕಾಗಿದ್ದು ಫಿಕ್ಸಿಂಗ್ ಮೂಲದ ಹೆಸರು. ಬ್ರೆಜಿಲ್‌ದು ಅಲ್ಲಿನ ಕೇಂದ್ರ ಬ್ಯಾಂಕಿನ ಪಿಟ್ಯಾಕ್ಸ್ ರೇಟು, ದಿನದಾಗ ನಾಲ್ಕು ಸಲ ಡೀಲರ್‌ಗಳನ್ನ ಕೇಳಿ ಸರಾಸರಿ ತೆಗೀತಾರ. ಇಂಡೋನೇಷ್ಯಾದ್ದು ಅಲ್ಲಿನ ಕೇಂದ್ರ ಬ್ಯಾಂಕಿನ ಜಿಸ್‌ಡಾರ್ ರೇಟು. ನಿಮ್ಮ ಗಿರಾಕಿ ರೊಕ್ಕ ಬದಲಿಸೋ ರೇಟು ಆ ಫಿಕ್ಸಿಂಗ್ ಹತ್ರ ಇರ್ತದನಾ ಅಂತ ಕೇಳ್ರಿ. ಸರ್ಕಾರಿ ರೇಟು ಒಂದು, ಬಜಾರ್ ರೇಟು ಇನ್ನೊಂದು ಇರೋ ದೇಶದಾಗ ಎನ್‌ಡಿಎಫ್ ಸರ್ಕಾರಿ ರೇಟಿಗಿ ಚುಕ್ತಾ ಆಗಿ, ನೀವು ಬಜಾರ್ ರೇಟಿಗಿ ಸಿಕ್ಕೊಂಡ್ರ ಹೆಡ್ಜ್ ಕಾಗದದ ಮ್ಯಾಲ ಉಳೀತದ ಅಷ್ಟೇ.

ಫಿಕ್ಸಿಂಗ್ ದಿನ ರೇಟೇ ಬರದಿದ್ರ? 2001ರ ಡಿಸೆಂಬರ್ ಕೊನೀಗಿ ಅರ್ಜೆಂಟೀನಾದಾಗ ವಿದೇಶಿ ವಿನಿಮಯ ಮಾರ್ಕೆಟ್ ಬಾಗಿಲು ಹಾಕಿ 2002ರ ಜನವರಿತನ ಎಳೀತು, ಆವಾಗ ಡ್ಯೂ ಬಂದ ಒಪ್ಪಂದಕ್ಕ ಯಾವ ರೇಟು ಹಿಡೀಬೇಕು ಅಂತ ದೊಡ್ಡ ತಕರಾರಾಯ್ತು. ಅದಕ್ಕ ಈಗ ಇಎಂಟಿಎ ಅನ್ನೋ ಮಾರ್ಕೆಟ್ ಸಂಘದ ಮಾದರಿ ಒಪ್ಪಂದಗಳಾಗ ಕ್ರಮ ಬರದಾರ, ಮೊದಲ ಹೇಳಿದ ಮೂಲ, ಅದು ಬರದಿದ್ರ ಇಷ್ಟು ದಿನ ಕಾಯೋದು, ಆಮ್ಯಾಲ ಡೀಲರ್‌ಗಳ ಸಮೀಕ್ಷೆ ರೇಟು, ಅದೂ ಆಗದಿದ್ರ ಲೆಕ್ಕ ಹಾಕೋ ಏಜೆಂಟ್ ನಿರ್ಧಾರ. ಈ ಏಜೆಂಟ್ ಬಹುತೇಕ ನಿಮ್ಮ ಎದುರಿನ ಬ್ಯಾಂಕೇ ಇರ್ತದ, ಅದನ್ನ ಓದದೇ ಸಹಿ ಮಾಡಬ್ಯಾಡ್ರಿ, ಎಷ್ಟು ದಿನ ಕಾಯ್ತಾರ ಅನ್ನೋದನ್ನೂ ಕೇಳಿ ಬರಕೋರಿ.

ಕೊನೀಗಿ ನಮ್ಮ ಹುಡುಗರಿಗಿ ಒಂದು ಮಾತು. ಟೆಲಿಗ್ರಾಂದಾಗ "ಎನ್‌ಡಿಎಫ್ ಟ್ರೇಡಿಂಗ್, ದಿನಾ ಡಾಲರ್ ಲಾಭ" ಅಂತ ಆಪ್ ಲಿಂಕ್ ಕಳಸೋರು ಇರ್ತಾರ. ಮ್ಯಾಲ ಹೇಳಿದ ಎನ್‌ಡಿಎಫ್ ಬ್ಯಾಂಕು ಮತ್ತ ಕಂಪನಿ ನಡುವೆ ಕ್ರೆಡಿಟ್ ಲೈನ್ ಮ್ಯಾಲ ನಡಿಯೋ ಒಪ್ಪಂದ, ಐದು ಸಾವಿರ ರೂಪಾಯಿ ಯುಪಿಐ ಮಾಡಿ ಮೊಬೈಲ್‌ದಾಗ ಕೊಳ್ಳೋ ವಸ್ತು ಅದಲ್ಲ. ಅಧಿಕಾರ ಇಲ್ಲದ ಫಾರೆಕ್ಸ್ ಪ್ಲಾಟ್‌ಫಾರಂಗಳ ಅಲರ್ಟ್ ಲಿಸ್ಟ್ ಅನ್ನ ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರ್‌ಲಿಂದ ತನ್ನ ವೆಬ್‌ಸೈಟ್ ಮ್ಯಾಲ ಹಾಕ್ತದ, ಅದರಾಗ ಹೆಸರು ಇಲ್ಲಂದ ಮಾತ್ರಕ್ಕ ಪರವಾನಗಿ ಅದ ಅಂತನೂ ಅಲ್ಲ. ಪರವಾನಗಿ ಇರೋ ಡೀಲರ್‌ಗಳ ಮತ್ತ ಪ್ಲಾಟ್‌ಫಾರಂಗಳ ಪಟ್ಟಿ ಅಲ್ಲೇ ಬ್ಯಾರೆ ಅದ, ಹೆಸರು ಅದರಾಗ ಇದ್ರ ಮಾತ್ರ ರೊಕ್ಕ ಮುಟ್ಟಸ್ರಿ.